ಹಿಂದಿನ ಸೀಟಿನ ಐದು ಜನ

‘ಪೊದು ಪಿತ್ತ ನಾಳಂ ಕಾಯಮಡೈಯಲಾಂ.’

ಹೊಸೂರು ಕಡೆಯ ಒಂದು ಆಸ್ಪತ್ರೆಯ ತಮಿಳು ಒಪ್ಪಿಗೆ ಪತ್ರದಲ್ಲಿ ಈ ವಾಕ್ಯ ಅಚ್ಚಾಗಿತ್ತು. ಬರೆದವನು ನಾನೇ. ಮನೆಮಾತು ಕನ್ನಡ, ಓದಿದ್ದು ತಮಿಳು ಶಾಲೆಯಲ್ಲಿ, ಹಾಗಾಗಿ ಇಂಥ ಕೆಲಸಗಳು ನನ್ನ ಹತ್ತಿರ ಬರುತ್ತವೆ. ಪಿತ್ತಕೋಶದಲ್ಲಿ ಕಲ್ಲಾದವರಿಗೆ ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪ್ರೋಸ್ಕೋಪಿ ಆಪರೇಷನ್ನಿನ ಪತ್ರ ಅದು. ಇಂಗ್ಲಿಷ್ ಮೂಲದಲ್ಲಿ ಎರಡು ಪುಟ, ಹದಿನೇಳು ಅಪಾಯಗಳು. ನನ್ನ ಅನುವಾದವನ್ನು ಇನ್ನೊಬ್ಬರ ಕೈಗೆ ಕೊಟ್ಟು, ಮೂಲ ತೋರಿಸದೆ ಇಂಗ್ಲಿಷಿಗೆ ತಿರುಗಿಸಿದರು. ಔಷಧ ಪ್ರಯೋಗಗಳ ಪತ್ರಗಳಿಗೆ ಈ ಮರುಅನುವಾದ ರೂಢಿಯ ಕ್ರಮ, ಆಸ್ಪತ್ರೆಯವರೂ ಅದನ್ನೇ ಅನುಸರಿಸಿದ್ದರು. ಮೇಲಿನ ವಾಕ್ಯ ತಿರುಗಿ ಬಂದಾಗ ಮೂಲಕ್ಕೂ ಅದಕ್ಕೂ ಒಂದು ಅಕ್ಷರದ ವ್ಯತ್ಯಾಸ ಇರಲಿಲ್ಲ. ಪಿತ್ತಕೋಶದಿಂದಲೂ ಲಿವರ್‌ನಿಂದಲೂ ಬರುವ ಕೊಳವೆಗಳು ಸೇರಿ ಆಗುವ ಮುಖ್ಯ ಪಿತ್ತನಾಳಕ್ಕೆ ಗಾಯವಾಗಬಹುದು ಎಂಬುದು ಅದರ ಅರ್ಥ. ಎಲ್ಲರೂ ಸರಿ ಎಂದು ಸಹಿ ಹಾಕಿದರು.

ಆಮೇಲೆ ವಾರ್ಡಿನ ಸಿಸ್ಟರ್ ಒಬ್ಬರು, ಧರ್ಮಪುರಿ ಕಡೆಯವರು, ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವರ ಎದುರಿಗೆ ಐವತ್ತರ ಆಸುಪಾಸಿನ ಒಬ್ಬ ತಾಯಿ. ಗುಲಾಬಿ ತೋಟದಲ್ಲಿ ಕೆಲಸ, ಮೂರನೇ ಕ್ಲಾಸಿನವರೆಗೆ ಶಾಲೆ. ಸಿಸ್ಟರ್ ಆ ವಾಕ್ಯವನ್ನು ನಿಧಾನವಾಗಿ ಓದಿ, ‘ಅಮ್ಮಾ, ಮನೆಗೆ ಹೋದಮೇಲೆ ಮಗಳು ಕೇಳಿದರೆ ಇದನ್ನ ಏನಂತ ಹೇಳ್ತೀರಿ?’ ಎಂದರು.

ಆ ತಾಯಿ ಯೋಚನೆಯನ್ನೂ ಮಾಡಲಿಲ್ಲ. ‘ಪಿತ್ತ ಜಾಸ್ತಿಯಾಗಿ ತಲೆ ಸುತ್ತು ಬರುತ್ತೆ. ಎಲ್ಲರಿಗೂ ಸಾಮಾನ್ಯವಾಗಿ ಬರೋದೇ. ಹುಷಾರಾಗಿ ನಡೀಬೇಕು, ಬಿದ್ದರೆ ಗಾಯ ಆಗುತ್ತೆ.’

ಅವರು ಏನನ್ನೂ ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ. ತಮಿಳಿನಲ್ಲಿ ‘ಪೊದು’ ಎಂದರೆ ಎಲ್ಲರಿಗೂ ಸೇರಿದ್ದು. ಪೊದುಕ್ಕೂಟ್ಟಂ ಎಂದರೆ ಸಾರ್ವಜನಿಕ ಸಭೆ. ‘ಪಿತ್ತಂ’ ಎಂದರೆ ಊರಿನ ಬಾಯಲ್ಲಿ ತಲೆಸುತ್ತು, ವಾಕರಿಕೆ, ಬೆಳಗಿನ ಕಹಿ ವಾಂತಿ. ನಮ್ಮಲ್ಲಿ ಪಿತ್ತ ನೆತ್ತಿಗೇರಿದರೆ ಕೋಪ. ಅಲ್ಲಿ ಪಿತ್ತ ತಲೆಗೇರಿದರೆ ಸುತ್ತು. ‘ನಾಳಂ’ ಅವರ ಕಿವಿಗೆ ಬೀಳಲೇ ಇಲ್ಲ. ಉಳಿದದ್ದು ಕಾಯಂ, ಗಾಯ. ಕೈಗೆ ಸಿಕ್ಕ ಮೂರು ಮಾತುಗಳಿಂದ ಅವರು ಒಂದು ಒಪ್ಪುವ ಕತೆ ಕಟ್ಟಿಕೊಂಡಿದ್ದರು. ಮರುಅನುವಾದ ಮಾಡಿದವರು ಪದವೀಧರರು, ಅವರಿಗೆ ನಾಳವೂ ಗೊತ್ತು, ಪಿತ್ತರಸವೂ ಗೊತ್ತು. ನನ್ನ ತಮಿಳು ಇಂಗ್ಲಿಷಿಗೆ ನಿಷ್ಠವಾಗಿದೆ ಎಂಬುದನ್ನಷ್ಟೇ ಆ ಪರೀಕ್ಷೆ ಸಾಬೀತು ಮಾಡಿತ್ತು. ಗುಲಾಬಿ ತೋಟದ ತಾಯಿ ಅದರಲ್ಲಿ ಎಲ್ಲೂ ಇರಲಿಲ್ಲ.

ನಾವು ಪತ್ರವನ್ನು ಮೊದಲಿನಿಂದ ಬರೆಯಲು ಕೂತೆವು.

ಮೊದಲ ಜಗಳ ಯಾವ ತಮಿಳು ಎಂಬುದರ ಬಗ್ಗೆಯೇ. ಬರೆಯುವ ತಮಿಳಿಗೂ ಆಡುವ ತಮಿಳಿಗೂ ಇರುವ ದೂರ ಕನ್ನಡದಲ್ಲಿ ಇರುವುದಕ್ಕಿಂತ ಹೆಚ್ಚು. ಅದರ ಮೇಲೆ, ಮರೈಮಲೈ ಅಡಿಗಳ್ 1916ರಲ್ಲಿ ಶುರುಮಾಡಿದ ಶುದ್ಧ ತಮಿಳು ಚಳವಳಿಯ ಗಾಳಿ ಬೀಸಿದ ಮೇಲೆ, ಅಚ್ಚಿನಲ್ಲಿ ಬರುವ ಪದಗಳಿಗೂ ಬಸ್‌ಸ್ಟ್ಯಾಂಡಿನಲ್ಲಿ ಕೇಳುವ ಪದಗಳಿಗೂ ಇನ್ನಷ್ಟು ಅಂತರ ಬಿತ್ತು. ಪತ್ರದಲ್ಲಿ ‘ಅರುವೈ ಸಿಗಿಚ್ಚೈ’, ಬಾಯಲ್ಲಿ ‘ಆಪರೇಷನ್’. ಪತ್ರದಲ್ಲಿ ‘ವಿಳುಕ್ಕಾಡು’, ಬಾಯಲ್ಲಿ ‘ಪರ್ಸೆಂಟ್’. ಹಾಗಾದರೆ ಪೂರ್ತಿ ಆಡುಮಾತಿನಲ್ಲೇ ಬರೆದುಬಿಡೋಣ ಎಂದೆ ನಾನು. ಸಿಸ್ಟರ್ ಒಪ್ಪಲಿಲ್ಲ. ಧರ್ಮಪುರಿಯ ಆಡುಮಾತು ಬೇರೆ, ಮದುರೈಯದು ಬೇರೆ. ಅದಕ್ಕಿಂತ ಹೆಚ್ಚಾಗಿ, ಮೂರು ನಾಲ್ಕು ಕ್ಲಾಸು ಓದಿದವರು ಅಕ್ಷರ ಕೂಡಿಸಲು ಕಲಿತದ್ದು ಪಠ್ಯಪುಸ್ತಕದ ರೂಪಗಳಲ್ಲಿ. ‘ವಂದುವಿಡುಂ’ ಎಂದಿದ್ದರೆ ಹೇಗೋ ಓದಿಕೊಳ್ಳುತ್ತಾರೆ; ಬಾಯಲ್ಲಿ ದಿನವೂ ಆಡುವ ‘ವಂದುರುಂ’ ಕಾಗದದ ಮೇಲೆ ಕಂಡರೆ ತಡವರಿಸುತ್ತಾರೆ, ಕೆಲವರು ತಮ್ಮನ್ನು ಹೀಯಾಳಿಸಲು ಹೀಗೆ ಬರೆದಿದ್ದಾರೆ ಎಂದುಕೊಳ್ಳುತ್ತಾರೆ. ಕೊನೆಗೆ ಆದ ಒಪ್ಪಂದ ಇಷ್ಟು: ಕಾಗದದ ಮೇಲೆ ಬರಹದ ಪ್ರತ್ಯಯಗಳು, ಆದರೆ ಪದಗಳು ಬಾಯಿಯವು. ಸಿಸ್ಟರ್ ಓದಿ ಹೇಳುವಾಗ ಪ್ರತ್ಯಯಗಳೂ ಬಾಯಿಯವೇ.

ಆಪರೇಷನ್ ಎಂಬ ಇಂಗ್ಲಿಷ್ ಪದ ಉಳಿಯಿತು, ಯಾಕೆಂದರೆ ಅದು ಈಗ ಊರಿನ ಪದ. ಆದರೆ ಎಲ್ಲ ಇಂಗ್ಲಿಷ್ ಪದಗಳಿಗೂ ಈ ಮರ್ಯಾದೆ ಕೊಡಲಾಗದು. ಪಿತ್ತನಾಳಕ್ಕೆ ಡಾಕ್ಟರುಗಳು ಹೇಳುವ ‘ಬೈಲ್ ಡಕ್ಟ್’ ಅನ್ನೇ ತಮಿಳು ಅಕ್ಷರದಲ್ಲಿ ಹಾಕೋಣ ಎಂದು ಒಬ್ಬರು ಸೂಚಿಸಿದರು. ತಮಿಳು ಲಿಪಿಯಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ, ಎಷ್ಟೋ ಸಲ ಫ ಧ್ವನಿಗೂ ಅದೇ. ಹಾಗೆ ಬರೆದದ್ದನ್ನು ಬೈಲ್ ಎಂದಾದರೂ ಓದಬಹುದು, ಫೈಲ್ ಎಂದಾದರೂ ಓದಬಹುದು, ಪೈಲ್ ಎಂದಾದರೂ ಓದಬಹುದು. ಹೊಟ್ಟೆಯ ಆಪರೇಷನ್ನಿಗೆ ಬಂದವರು ಪೈಲ್ಸ್ ಎಂದು ಓದಿಕೊಂಡರೆ ಅವರನ್ನು ದೂರುವಂತಿಲ್ಲ.

ಕನ್ನಡದವನಾದ ನನಗೆ ಕಾದಿದ್ದ ಗುಂಡಿಗಳು ಬೇರೆ. ಎರಡು ಭಾಷೆಗೂ ಸಂಸ್ಕೃತದಿಂದ ಬಂದ ಪದ ಕಂಡರೆ ಕೈ ಸಲೀಸಾಗಿ ಓಡುತ್ತದೆ. ‘ಸಾವಿನ ಸಂಭವ ಕಡಿಮೆ’ ಎಂಬುದು ಕನ್ನಡದಲ್ಲಿ ಸರಿಯಾದ ಮಾತು. ಅದೇ ಗುಂಗಿನಲ್ಲಿ ಒಂದು ಕಡೆ ‘ಮರಣ ಸಂಬವಂ’ ಎಂದು ಬರೆದಿದ್ದೆ. ಸಿಸ್ಟರ್ ನಕ್ಕು, ‘ಸಾರ್, ಇದು ದಿನತ್ತಂದಿ ಪೇಪರಿನ ಸುದ್ದಿ ಥರ ಇದೆ’ ಎಂದರು. ತಮಿಳಿನಲ್ಲಿ ಸಂಬವಂ ಎಂದರೆ ನಡೆದುಹೋದ ಘಟನೆ. ಮುಂದೆ ಆಗಬಹುದಾದ ಸಾವನ್ನು ನಾನು ಆಗಲೇ ನಡೆಸಿಬಿಟ್ಟಿದ್ದೆ.

ಇನ್ನೊಂದು ಗುಂಡಿ ‘ನಾವು’. ಕನ್ನಡದಲ್ಲಿ ಒಂದೇ ನಾವು. ತಮಿಳಿನಲ್ಲಿ ಎರಡು: ಕೇಳುಗನನ್ನೂ ಸೇರಿಸಿಕೊಂಡರೆ ‘ನಾಂ’, ಹೊರಗಿಟ್ಟರೆ ‘ನಾಂಗಳ್’. ‘ನಾವು ನಿಮ್ಮ ಪಿತ್ತಕೋಶ ತೆಗೆಯುತ್ತೇವೆ’ ಎಂಬಲ್ಲಿ ನಾಂ ಹಾಕಿದರೆ ರೋಗಿಯೂ ಚಾಕು ಹಿಡಿದಂತಾಗುತ್ತದೆ. ಇದು ಬರೀ ವ್ಯಾಕರಣದ ವಿಷಯ ಅಲ್ಲ. ತಮಿಳು ಡಾಕ್ಟರುಗಳು ಆಪ್ತವಾಗಿ ಮಾತಾಡುವಾಗ ಬೇಕೆಂದೇ ಸೇರಿಸಿಕೊಳ್ಳುವ ನಾವನ್ನು ಬಳಸುತ್ತಾರೆ, ‘ನಾಮ ಆಪರೇಷನ್ ಪಣ್ಣಿಡಲಾಂ’, ನಾವು ಮಾಡಿಬಿಡೋಣ ಎಂದು. ಕೇಳಲು ಹಿತ, ಧೈರ್ಯ ಬರುತ್ತದೆ. ಆದರೆ ನಿರ್ಧಾರ ಅಲ್ಲೇ ಮುಗಿದುಹೋಗಿರುತ್ತದೆ. ಬೇಡ ಎನ್ನಬೇಕಾದರೆ ರೋಗಿ ಆ ‘ನಾವು’ ಬಿಟ್ಟು ಎದ್ದು ಹೊರಗೆ ಬರಬೇಕು. ಒಪ್ಪಿಗೆ ಪತ್ರದಲ್ಲಿ ಅದಕ್ಕೆ ಜಾಗ ಕೊಡಬಾರದೆಂದು ಎಲ್ಲ ಕಡೆ ನಾಂಗಳ್ ಹಾಕಿದೆವು. ಸ್ವಲ್ಪ ಒಣಗಿದಂತೆ ಕೇಳುತ್ತದೆ, ಕೇಳಲಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ‘ರಿಸ್ಕ್’. ಅಬಾಯಂ, ಆಬತ್ತು ಎಂದರೆ ಅಪಾಯವೇ ಹೊರತು, ಬಂದರೂ ಬರಬಹುದು ಬಾರದೆಯೂ ಇರಬಹುದು ಎಂಬ ತೂಕ ಅವಕ್ಕಿಲ್ಲ. ಪಟ್ಟಿಗೆ ಆ ಹೆಸರು ಕೊಟ್ಟರೆ ಹೆದರುವವರು ಅಲ್ಲೇ ಎದ್ದು ಹೋಗುತ್ತಾರೆ. ಸಾಧ್ಯತೆ ಎನ್ನಲು ಅಚ್ಚಿನ ತಮಿಳು ‘ವಾಯ್ಪ್ಪು’ ಎನ್ನುತ್ತದೆ, ಆದರೆ ಅದಕ್ಕೆ ಅವಕಾಶ ಎಂಬ ಅರ್ಥವೂ ಇದೆ. ಮಳೆ ಬರುವ ವಾಯ್ಪ್ಪು ಸರಿ. ಸಾಯುವ ವಾಯ್ಪ್ಪು ಎಂದರೆ ಸಾಯಲು ಸದವಕಾಶ ಒದಗಿದಂತೆ. ತೊಡಕು ಎನ್ನಲು ‘ಸಿಕ್ಕಲ್’ ಒಳ್ಳೆಯ ಊರಿನ ಪದವೇ, ಆದರೆ ಹೊಟ್ಟೆಯ ವಿಷಯ ಬಂದಾಗ ಸಿಕ್ಕಲ್ ಎಂದೊಡನೆ ‘ಮಲಚ್ಚಿಕ್ಕಲ್’, ಅಂದರೆ ಮಲಬದ್ಧತೆ, ನೆನಪಾಗುತ್ತದೆ. ಒಬ್ಬ ಅಜ್ಜ ಇಡೀ ಪಟ್ಟಿ ಕೇಳಿ, ‘ಬಾಳೆಹಣ್ಣು ತಿಂದರೆ ಸರಿಹೋಗುತ್ತೆ ಬಿಡಿ’ ಎಂದು ಸಿಸ್ಟರ್‌ಗೇ ಧೈರ್ಯ ಹೇಳಿದರು.

ಪದ ಹುಡುಕುವುದನ್ನು ಬಿಟ್ಟು ವಾಕ್ಯ ನೋಡಿದಾಗ ಇನ್ನೂ ಆಳದ ತೊಂದರೆ ಕಂಡಿತು. ‘ಕಾಯಮಡೈಯಲಾಂ’ ಎಂಬಲ್ಲಿನ ‘ಲಾಂ’ ನಮ್ಮ ‘ಬಹುದು’ ಇದ್ದಂತೆ. ‘ಮಳೆ ಬರಬಹುದು’ ಎಂದರೆ ಊಹೆ. ‘ನೀವಿನ್ನು ಹೋಗಬಹುದು’ ಎಂದರೆ ಅಪ್ಪಣೆ. ಪತ್ರದಲ್ಲಿ ‘ಡಾಕ್ಟರ್ ಹೊಟ್ಟೆ ತೆರೆಯಲಾಂ’ ಎಂದಿತ್ತು. ಅಗತ್ಯ ಬಿದ್ದರೆ ದೊಡ್ಡದಾಗಿ ಕೊಯ್ಯಬೇಕಾದೀತು ಎಂಬ ಎಚ್ಚರಿಕೆ ನಮ್ಮ ಮನಸ್ಸಿನಲ್ಲಿತ್ತು. ಕೇಳಿದವರಿಗೆ ಅದು, ಡಾಕ್ಟರಿಗೆ ಇಷ್ಟ ಬಂದರೆ ತೆರೆಯಲು ಅಪ್ಪಣೆ ಇದೆ ಎಂದು ಕೇಳಿಸಿತು. ಆದ್ದರಿಂದ ಲಾಂ ಇರುವ ಎಲ್ಲ ವಾಕ್ಯಗಳನ್ನೂ ಕಿತ್ತು, ಸಾಧ್ಯತೆಯನ್ನು ಕ್ರಿಯಾಪದದಿಂದ ಇಳಿಸಿ ಮನುಷ್ಯರ ಮೇಲೆ ಇಟ್ಟೆವು: ‘ಸಿಲರುಕ್ಕು ವಯಿಟ್ರೈ ಪೆರಿದಾಗ ಕಿಳಿಕ್ಕ ವೇಂಡಿ ವರುಂ.’ ಕೆಲವರಿಗೆ ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯಬೇಕಾಗಿ ಬರುತ್ತದೆ.

ಈ ಒಂದು ವಾಕ್ಯಕ್ಕೆ ಅಷ್ಟು ಹೊತ್ತು ಕೊಟ್ಟದ್ದಕ್ಕೆ ಕಾನೂನಿನ ಕಾರಣವೂ ಇದೆ. ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಲ್ಯಾಪ್ರೋಸ್ಕೋಪಿ ಮೂಲಕ ಪರೀಕ್ಷೆ ಮಾಡಲು ಒಪ್ಪಿದ್ದ ರೋಗಿ ಪ್ರಜ್ಞೆ ತಪ್ಪಿ ಮಲಗಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದ ಪ್ರಕರಣ ಅದು. ವಯಸ್ಕರಾದ ರೋಗಿಯ ಪರವಾಗಿ ತಾಯಿಯ ಒಪ್ಪಿಗೆ ನಡೆಯದು, ಒಂದಕ್ಕೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದಕ್ಕೆ ಎಳೆಯುವಂತಿಲ್ಲ, ಪ್ರಾಣ ಉಳಿಸಬೇಕಾದ ತುರ್ತು ಮಾತ್ರ ಬೇರೆ ಎಂದಿತು ಕೋರ್ಟು. ತೂತಿನ ಆಪರೇಷನ್ ನಡುವೆ ದೊಡ್ಡ ಕೊಯ್ತಕ್ಕೆ ಹೊರಳಬೇಕಾದೀತು ಎಂಬುದು ಮೊದಲೇ ರೋಗಿಗೆ ಅರ್ಥವಾಗಿರಬೇಕು. ಅದೇ ತೀರ್ಪು, ತೀರಾ ಅಪರೂಪದ ಅಪಾಯಗಳನ್ನೆಲ್ಲ ಹೇಳಿ ಹೆದರಿಸಬೇಕಿಲ್ಲ ಎಂದೂ ಹೇಳಿತು. ನಾವು ಹದಿನೇಳನ್ನು ಐದಕ್ಕೆ ಇಳಿಸಿದ್ದು ಅದರ ಧೈರ್ಯದ ಮೇಲೆ. ಹದಿನೇಳು ಹೇಳಿದರೆ ಯಾರಿಗೂ ಒಂದೂ ನೆನಪಿರುವುದಿಲ್ಲ; ಅಷ್ಟುದ್ದದ ಪಟ್ಟಿ ಆಸ್ಪತ್ರೆಯ ರಕ್ಷಣೆಗೆ ಬರೆದದ್ದು ಎಂಬುದು ನನ್ನ ಗುಮಾನಿ.

ಅಪಾಯಕ್ಕೂ ಮೊದಲು ಹೇಳಬೇಕಾದ ಒಂದು ವಿಷಯವನ್ನು ಇಂಗ್ಲಿಷ್ ಮೂಲ ಹೇಳಿಯೇ ಇರಲಿಲ್ಲ. ಊರಿನವರು ಇದನ್ನು ‘ಕಲ್ಲಿನ ಆಪರೇಷನ್’ ಎನ್ನುತ್ತಾರೆ. ಕಲ್ಲು ಎಂದರೆ ಅವರಿಗೆ ಗೊತ್ತಿರುವುದು ಕಿಡ್ನಿಯ ಕಲ್ಲು: ವಾಳೈತ್ತಂಡು, ನಮ್ಮ ಬಾಳೆದಿಂಡಿನ ರಸ ಕುಡಿದು ಕಾಯುವುದು, ಆಗದಿದ್ದರೆ ಆಸ್ಪತ್ರೆಯಲ್ಲಿ ಕಲ್ಲು ಪುಡಿಮಾಡಿಸುವುದು. ಆದ್ದರಿಂದ ಇಲ್ಲೂ ಕಲ್ಲು ಮಾತ್ರ ತೆಗೆದು ಚೀಲ ಬಿಡುತ್ತಾರೆ ಎಂದುಕೊಂಡಿರುತ್ತಾರೆ. ‘ಪಿತ್ತಪ್ಪೈ ನೀಕ್ಕಂ’ ಎಂಬ ಶೀರ್ಷಿಕೆ ಅದನ್ನು ಹೇಳುತ್ತದೆ ಎಂದು ನಾನು ನಂಬಿದ್ದೆ. ನಾವು ಕೇಳಿದ ಐವರಲ್ಲಿ ಮೂವರು, ತಮ್ಮ ದೇಹದ ಒಂದು ಭಾಗವೇ ಹೊರಗೆ ಬರುತ್ತದೆ ಎಂದು ತಿಳಿದಿರಲಿಲ್ಲ. ಹೊಸ ಪತ್ರದ ಮೊದಲ ಸಾಲು ಹೀಗಾಯಿತು: ‘ಕಲ್ಲನ್ನು ಮಾತ್ರ ತೆಗೆಯುವುದಿಲ್ಲ. ಕಲ್ಲಿರುವ ಚೀಲವನ್ನೂ ಸೇರಿಸಿ ತೆಗೆಯುತ್ತಾರೆ. ಅದಿಲ್ಲದೆ ಬದುಕಬಹುದು.’ ಆ ಕೊನೆಯ ಮಾತಿನಲ್ಲಿ ಲಾಂ ಉಳಿಸಿಕೊಂಡೆವು. ಅಲ್ಲಿ ಅಪ್ಪಣೆ ಎಂದು ಕೇಳಿಸಿದರೂ ನಷ್ಟವಿಲ್ಲ.

ಅರಿವಳಿಕೆಯ ಭಾಗ ಬೇಗ ಮುಗಿಯಿತು. ‘ಪೊದು ಮಯಕ್ಕಂ’ ಹೋಯಿತು. ಮಯಕ್ಕಂ ಎಂದರೆ ತಲೆ ತಿರುಗಿ ಬೀಳುವುದೂ ಹೌದು, ಪೊದುವಿನ ಕತೆ ಆಗಲೇ ಹೇಳಿದೆ. ಇಂಜೆಕ್ಷನ್ ಕೊಟ್ಟು ಪೂರ್ತಿ ಎಚ್ಚರ ತಪ್ಪಿಸುತ್ತಾರೆ, ಬಾಯೊಳಗೆ ಉಸಿರಿನ ಟ್ಯೂಬ್ ಹಾಕುತ್ತಾರೆ, ಎದ್ದ ಮೇಲೆ ಗಂಟಲು ನೋಯುತ್ತದೆ ಎಂದು ಬರೆದೆವು.

ಮತ್ತೆ ಪಿತ್ತನಾಳ. ಅದರ ಹೆಸರು ಹೇಳುವ ಆಸೆ ಬಿಟ್ಟು, ಅದು ಏನು ಮಾಡುತ್ತದೆ, ಕೆಟ್ಟರೆ ಏನಾಗುತ್ತದೆ ಎಂಬುದನ್ನು ಹೇಳಿದೆವು. ಕಲ್ಲೀರಲ್, ಅಂದರೆ ಲಿವರ್, ಎಲ್ಲರಿಗೂ ಗೊತ್ತು. ಕುಡಲ್, ಕರುಳೂ ಗೊತ್ತು. ಕುಳಾಯ್ ಮನೆಮುಂದಿನ ನಲ್ಲಿಯಿಂದಾಗಿ ಗೊತ್ತು. ‘ಕಲ್ಲೀರಲ್‌ನಿಂದ ಕರುಳಿಗೆ ಹಸಿರು ಹಳದಿ ನೀರು ಹೋಗುವ ಸಣ್ಣ ಕುಳಾಯ್ ಇದೆ. ಎಣ್ಣೆ ಪದಾರ್ಥ ಅರಗಿಸಲು ಆ ನೀರು ಬೇಕು. ಚೀಲ ತೆಗೆಯುವಾಗ ಕೆಲವರಿಗೆ ಈ ಕುಳಾಯ್ ಕತ್ತರಿಸಿಹೋಗುತ್ತದೆ. ಆಗ ಆ ನೀರು ಹೊಟ್ಟೆಯೊಳಗೆ ಸೋರುತ್ತದೆ, ಇಲ್ಲವೇ ಕಟ್ಟಿಕೊಂಡು ಮಂಜಳ್ ಕಾಮಾಲೈ ಬರುತ್ತದೆ. ಅದನ್ನು ಸರಿಮಾಡಲು ಮತ್ತೊಂದು ದೊಡ್ಡ ಆಪರೇಷನ್ ಬೇಕಾಗುತ್ತದೆ.’

ಸರ್ಜನ್ ಕೊನೆಯ ವಾಕ್ಯವನ್ನು ತಡೆದರು, ಸರಿಯಾಗಿಯೇ ತಡೆದರು. ಸಣ್ಣ ಸೋರಿಕೆಗೆ ಎಷ್ಟೋ ಸಲ ಬಾಯಿಂದ ಟ್ಯೂಬ್ ಇಳಿಸಿ, ನಾಳದೊಳಗೆ ಸಣ್ಣ ಕೊಳವೆ ಇಟ್ಟು ಸರಿಪಡಿಸಬಹುದು, ಎಲ್ಲರಿಗೂ ದೊಡ್ಡ ಆಪರೇಷನ್ ಬೇಕಿಲ್ಲ. ಸರಳ ಮಾಡುವ ಭರದಲ್ಲಿ ನಾವು ಸುಳ್ಳು ಬರೆದಿದ್ದೆವು. ‘ಕೆಲವರಿಗೆ ಬಾಯಿಂದ ಟ್ಯೂಬ್ ಹಾಕಿ ಸರಿಮಾಡುತ್ತಾರೆ, ಕೆಲವರಿಗೆ ಮತ್ತೊಂದು ದೊಡ್ಡ ಆಪರೇಷನ್’ ಎಂದು ತಿದ್ದಿದೆವು.

ಸಿಸ್ಟರ್ ತಡೆದದ್ದು ಇನ್ನೊಂದು ಕಡೆ. ಮಂಜಳ್ ಕಾಮಾಲೈ ಎಂದರೆ ನಮ್ಮ ಕಾಮಾಲೆ, ಅದು ಎಲ್ಲರಿಗೂ ಗೊತ್ತಿರುವ ಪದ ಎಂದು ನಾನು ಹಿಗ್ಗಿದ್ದೆ. ಗೊತ್ತಿರುವುದೇ ಕಷ್ಟ ಎಂದರು ಅವರು. ಕಾಮಾಲೆ ಎಂದ ಕೂಡಲೇ ಊರಿನಲ್ಲಿ ಕೀಳಾನೆಲ್ಲಿ, ನಮ್ಮ ನೆಲನೆಲ್ಲಿ, ಅರೆದು ಕೊಡುತ್ತಾರೆ. ಔಷಧಿ ಕೊಡುವವರ ಹೆಸರೂ ಎಲ್ಲರಿಗೂ ಗೊತ್ತು. ನಾಳ ಕತ್ತರಿಸಿ ಬಂದ ಕಾಮಾಲೆಗೆ ಸೊಪ್ಪು ಕುಡಿಯುತ್ತ ವಾರ ಕಳೆದರೆ ಸೋಂಕು ಏರಿ ಕೂರುತ್ತದೆ. ಹಾಗಾಗಿ ಇನ್ನೊಂದು ಸಾಲು ಸೇರಿತು: ‘ಆಪರೇಷನ್ ಆದಮೇಲೆ ಕಣ್ಣು ಹಳದಿಯಾದರೆ, ಜ್ವರ ಬಂದರೆ, ಹೊಟ್ಟೆನೋವು ಕಡಿಮೆಯಾಗದೆ ಹೆಚ್ಚುತ್ತಿದ್ದರೆ ಅದೇ ದಿನ ಇಲ್ಲಿಗೆ ಬನ್ನಿ. ಇದು ಕೀಳಾನೆಲ್ಲಿಗೆ ಹೋಗುವ ಕಾಮಾಲೆ ಅಲ್ಲ.’ ಇಡೀ ಪತ್ರದಲ್ಲಿ ನನಗೆ ತೀರಾ ಇಷ್ಟವಾದ ಸಾಲು ಇದು, ನಾನು ಬರೆದದ್ದಲ್ಲ.

ಇನ್ನು ಲೆಕ್ಕ. ದೊಡ್ಡ ಕೊಯ್ತಕ್ಕೆ ಹೊರಳಬೇಕಾದವರು ನೂರಕ್ಕೆ ಸುಮಾರು ಐವರು. ಮುಖ್ಯ ಪಿತ್ತನಾಳಕ್ಕೆ ಗಾಯವಾಗುವುದು ಸಾವಿರಕ್ಕೆ ಮೂರರಿಂದ ಐವರಿಗೆ. ವೈದ್ಯಕೀಯ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿಗಳು ಇವು. ಆಪರೇಷನ್ ಮಾಡುವವರ ಕೈಯನ್ನೂ, ಉರಿಯೂತ ಎಷ್ಟಿದೆ ಎಂಬುದನ್ನೂ ನೋಡಿ ಏರಿಳಿಯುತ್ತವೆ. ಮೊದಲ ಕರಡಿನಲ್ಲಿ ಹೀಗೇ ಬರೆದೆವು, ಕೇಳಿದವರಿಗೆ ನೆನಪಿದ್ದದ್ದು ‘ಐದು’ ಮಾತ್ರ. ಎರಡೂ ಐದು, ಹಾಗಾಗಿ ಎರಡೂ ಒಂದೇ. ಒಬ್ಬರು ಸಾವಿರದ ಮಾತು ಬಂದದ್ದರಿಂದ ನಾಳದ ಗಾಯವೇ ಹೆಚ್ಚು ಜನಕ್ಕೆ ಆಗುತ್ತದೆ ಎಂದುಕೊಂಡರು. ಬುಡದ ಸಂಖ್ಯೆ ಬದಲಾದರೆ ಓದಿದವರೂ ಎಡವುತ್ತಾರೆ. ಆದ್ದರಿಂದ ಎಲ್ಲವನ್ನೂ ಸಾವಿರಕ್ಕೆ ತಂದೆವು: ಐವತ್ತು ಜನ, ಐದು ಜನ.

ಸಾವಿರ ಎಂದರೆ ಎಷ್ಟು ಎಂಬುದು ಉಳಿಯಿತು. ಚುಕ್ಕೆಗಳ ಚಿತ್ರ ಮಾಡಿ ನೋಡಿದೆವು. ಅಂಥ ಚಿತ್ರ ಓದುವುದೂ ಶಾಲೆ ಕಲಿಸುವ ವಿದ್ಯೆಯೇ ಎಂದು ಆಗ ತಿಳಿಯಿತು. ಅಜ್ಜನಿಗೆ ಅದು ರಂಗೋಲಿಯಂತೆ ಕಂಡಿತು. ದಾರಿ ತೋರಿದವರು ಗುಲಾಬಿ ತೋಟದ ತಾಯಿಯೇ. ‘ಸಾವಿರ ಜನ ಅಂದ್ರೆ ಎಷ್ಟು ಬಸ್ಸು?’ ಎಂದು ಕೇಳಿದರು. ಒಂದು ಬಸ್ಸಿನಲ್ಲಿ ಐವತ್ತು ಜನ ಕೂರುತ್ತಾರೆಂದರೆ ಇಪ್ಪತ್ತು ಬಸ್ಸು. ಸಿಸ್ಟರ್ ಈಗ ಹೀಗೆ ಹೇಳುತ್ತಾರೆ: ‘ಇಪ್ಪತ್ತು ಬಸ್ಸು ತುಂಬ ಜನಕ್ಕೆ ಈ ಆಪರೇಷನ್ ಮಾಡಿದರೆ, ಒಂದು ಬಸ್ಸಿನಷ್ಟು ಜನಕ್ಕೆ ಹೊಟ್ಟೆ ದೊಡ್ಡದಾಗಿ ಕೊಯ್ಯಬೇಕಾಗುತ್ತೆ. ಆ ಕುಳಾಯ್ ಕತ್ತರಿಸೋದು, ಒಂದೇ ಒಂದು ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಕೂರ್ತಾರಲ್ಲ, ಅಷ್ಟು ಜನಕ್ಕೆ.’ ಆಪರೇಷನ್ ಮಾಡಿಸದಿದ್ದರೆ ಏನು ಎಂಬುದಕ್ಕೆ ಇಂಥ ಒಂದು ಅಂಕಿ ಕೊಡಲು ಆಗಲಿಲ್ಲ. ನೋವು ಮತ್ತೆ ಮತ್ತೆ ಬರಬಹುದು, ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡರೆ ಅಪಾಯ, ನೋವೇ ಬಾರದ ಕಲ್ಲಾದರೆ ಎಷ್ಟೋ ಸಲ ಸುಮ್ಮನಿರುವುದೇ ಸರಿ, ಅದನ್ನು ಡಾಕ್ಟರರನ್ನು ಕೇಳಿ ಎಂದು ಬರೆದೆವು. ಪತ್ರದ ತೀರಾ ಬಡ ಭಾಗ ಅದೇ.

ಸಹಿಯ ಜಾಗದಲ್ಲಿ ‘ಕೈನಾಟ್ಟು’ ಎಂದಿತ್ತು. ಹೆಬ್ಬೆಟ್ಟು ಎಂದು ಅರ್ಥ, ನಮ್ಮಲ್ಲಿಯ ಹಾಗೇ ಅದು ಬೈಗುಳವೂ ಹೌದು. ‘ಪೆರುವಿರಲ್ ರೇಗೈ’, ಹೆಬ್ಬೆರಳ ಗುರುತು ಎಂದು ಬದಲಾಯಿಸಿದೆವು. ಔಷಧ ಪ್ರಯೋಗಗಳ 2019ರ ನಿಯಮಗಳ ಪ್ರಕಾರ, ಓದಲು ಬಾರದವರಿಗೆ ವಿವರಿಸುವಾಗ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಉದ್ದಕ್ಕೂ ಕೂತಿರಬೇಕು. ನಮ್ಮದು ಪ್ರಯೋಗವಲ್ಲದಿದ್ದರೂ ಅದನ್ನು ಎರವಲು ತಂದೆವು. ಸಾಕ್ಷಿಯ ಸಹಿಗೆ ಮೇಲೆ ಒಂದು ಖಾಲಿ ಜಾಗ ಬಿಟ್ಟೆವು: ರೋಗಿ ತಮ್ಮ ಮಾತಿನಲ್ಲಿ ತಿರುಗಿ ಹೇಳಿದ್ದನ್ನು ಅವರು ಅಲ್ಲಿ ಬರೆಯಬೇಕು. ‘ಪುರಿಂಜುದಾ’ ಎಂದರೆ ಎಲ್ಲರೂ ‘ಪುರಿಂಜುದು’ ಎನ್ನುತ್ತಾರೆ. ಅರ್ಥವಾಯಿತಾ ಎಂದು ಡಾಕ್ಟರು ಕೇಳಿದಾಗ ಇಲ್ಲ ಎನ್ನುವುದು ಮರ್ಯಾದೆಯಲ್ಲ. ಮಗಳಿಗೆ ಏನು ಹೇಳುತ್ತೀರಿ ಎಂದರೆ ಮಾತು ಬರುತ್ತದೆ. ಇದಕ್ಕೆ ಒಬ್ಬರಿಗೆ ಕಾಲು ಗಂಟೆ ಬೇಕು, ಹೊರರೋಗಿ ವಿಭಾಗ ಗಿಜಿಗುಡುವ ದಿನ ಆ ಜಾಗ ಖಾಲಿಯೇ ಉಳಿಯುತ್ತದೆ ಎಂಬುದೂ ನಿಜ.

ಕೊನೆಯ ತಕರಾರು ಸಾವಿನದು. ‘ಸಾವು’ ಎಂಬ ಪದ ತಮಿಳಿನಲ್ಲೂ ಅದೇ, ಅಷ್ಟೇ ಬರಿದು. ಆಪರೇಷನ್ನಿನ ಹಿಂದಿನ ದಿನ ಅದನ್ನು ಬಾಯಿಬಿಟ್ಟು ಹೇಳಬೇಡಿ ಎಂದು ಮನೆಯವರು ಕೈಮುಗಿಯುತ್ತಾರೆ. ‘ಇರಪ್ಪು’ ಪತ್ರಿಕೆಯ ಪದ, ತಣ್ಣಗಿದೆ. ‘ಉಯಿರುಕ್ಕು ಆಬತ್ತು’, ಪ್ರಾಣಕ್ಕೆ ಅಪಾಯ ಎಂದರೆ ಸಿನಿಮಾದಲ್ಲಿ ಆಗುವ ಹಾಗೆ ಕೊನೆಗೆ ಬದುಕಿ ಬರುತ್ತಾರೆ ಎನಿಸುತ್ತದೆ. ಬಹಳ ಹೊತ್ತು ಕೂತು ‘ಉಯಿರ್ ಪೋಯ್‌ವಿಡುಂ’, ಪ್ರಾಣ ಹೋಗಿಬಿಡುತ್ತದೆ ಎಂಬುದನ್ನು ಆರಿಸಿದೆವು. ಸಂಖ್ಯೆ ಸಾವಿರಕ್ಕೆ ಒಬ್ಬರ ಆಸುಪಾಸು. ವಯಸ್ಸಾದವರಲ್ಲಿ, ಹೃದಯದ ಕಾಯಿಲೆ ಇದ್ದವರಲ್ಲಿ ಹೆಚ್ಚು. ಮನೆಯವರ ಮುಖ ನೋಡಿ ಸಂಖ್ಯೆಯನ್ನು ಕಾಗದದಲ್ಲಿ ಬಿಟ್ಟು, ಕೇಳಿದರೆ ಹೇಳೋಣ ಎಂದುಕೊಂಡೆವು.

ಗುಲಾಬಿ ತೋಟದ ತಾಯಿಗೆ ಹೊಸ ಪತ್ರ ಓದಿದ ದಿನ ನಾನೂ ಇದ್ದೆ. ಆ ಸಾಲಿಗೆ ಬಂದಾಗ ಸಿಸ್ಟರ್ ದನಿ ತಗ್ಗಿಸಿದರು, ಜೊತೆಗಿದ್ದ ಮಗ ಬಾಗಿಲ ಕಡೆ ನೋಡಿದ. ಆ ತಾಯಿ ಮಾತ್ರ ತಲೆಯಾಡಿಸುತ್ತ ಕೇಳಿಸಿಕೊಂಡರು.

‘ಸರಿ. ಅದು ಎಷ್ಟು ಬಸ್ಸು?’

‘ಬಸ್ಸಲ್ಲಮ್ಮಾ’ ಎಂದರು ಸಿಸ್ಟರ್. ‘ಇಪ್ಪತ್ತು ಬಸ್ಸಿಗೆ ಒಬ್ಬರು.’

ಸ್ವಲ್ಪ ಹೊತ್ತು ಸುಮ್ಮನಿದ್ದು, ಹೂವಿನ ಸೀಸನ್ ಮುಗಿಯಲಿ, ಪೊಂಗಲ್ ಆದಮೇಲೆ ಬರುತ್ತೇನೆ, ಅಷ್ಟರೊಳಗೆ ಕಣ್ಣು ಹಳದಿಯಾದರೆ ಅದೇ ದಿನ ಬರುತ್ತೇನೆ ಎಂದು ಹೇಳಿ ಎದ್ದರು. ಸಹಿ ಹಾಕಲಿಲ್ಲ. ಸಿಸ್ಟರ್ ಅವರು ಹೇಳಿದ್ದನ್ನು ಖಾಲಿ ಜಾಗದಲ್ಲಿ ಬರೆದುಕೊಂಡರು.